ಆರು ವರುಷದ ಮೊಮ್ಮಗಳು ತಾನೇ ಓದುವ ಕಾಗದ

ಮೊಮ್ಮಕ್ಕಳ ಹುಟ್ಟುಹಬ್ಬ ಬಂತೆಂದರೆ ಅಜ್ಜಿಯರ ಕೈ ಸುಮ್ಮನಿರುವುದಿಲ್ಲ. ಉಂಡೆ ಕಟ್ಟುತ್ತೇವೆ, ಕೋಡುಬಳೆ ಕರಿಯುತ್ತೇವೆ, ಒಂದು ಲಂಗ ಹೊಲಿಸುತ್ತೇವೆ. ಎಲ್ಲದರ ಮೇಲೆ ಒಂದು ಚೀಟಿಯನ್ನೂ ಇಡುತ್ತೇವೆ. ಆ ಚೀಟಿಯ ಗತಿ ಏನಾಗುತ್ತದೆ ಅಂತ ಎಂದಾದರೂ ವಿಚಾರಿಸಿದ್ದೀರಾ? ಮಗು ಅದನ್ನು ತಿರುಗಿಸಿ ನೋಡುತ್ತದೆ, ಮೊದಲ ಪದದಲ್ಲೇ ತಡವರಿಸುತ್ತದೆ, "ಅಮ್ಮಾ, ಓದಿ ಹೇಳು" ಅಂತ ಕೊಟ್ಟುಬಿಡುತ್ತದೆ. ಒಲೆಯ ಮುಂದೆ ನಿಂತ ಅಮ್ಮ ಒಂದೇ ಉಸಿರಿಗೆ ಓದಿ, "ಅಜ್ಜಿ ಆಶೀರ್ವಾದ ಮಾಡಿದಾರೆ ನೋಡು" ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಕಾಗದ ಬರೆದದ್ದು ಮಗುವಿಗೆ, ಓದಿದ್ದು ಅಮ್ಮ.

ಆರು ವರುಷ ಅಂದರೆ ಮಗು ಆಗಷ್ಟೇ ಓದು ಕಲಿಯುತ್ತಿರುವ ವಯಸ್ಸು. ಸಾಮಾನ್ಯವಾಗಿ ಒಂದನೇ ತರಗತಿ. ಅಂಥ ಮಗು ಯಾರ ಸಹಾಯವೂ ಇಲ್ಲದೆ ಓದಿ ಮುಗಿಸುವಂಥ ಕಾಗದ ಬರೆಯಬಹುದು. ಪುಟ್ಟದಾಗಿ ಬರೆದರೆ ಸಾಕು ಅಂತ ಅನೇಕರು ತಿಳಿದಿದ್ದಾರೆ. ಆದರೆ ಕನ್ನಡದಲ್ಲಿ ಕಷ್ಟವಿರುವುದು ಕಾಗದದ ಉದ್ದದಲ್ಲಿ ಅಲ್ಲ, ನಾವು ಆರಿಸುವ ಪದಗಳಲ್ಲಿ.

ಹುಟ್ಟುಹಬ್ಬ ಅನ್ನುವ ಪದವೇ ಕಷ್ಟ

ಮಗು ಕನ್ನಡ ಓದಲು ಕಲಿಯುವುದು ಮೂರು ಮೆಟ್ಟಿಲಲ್ಲಿ. ಮೊದಲು ಬಿಡಿ ಅಕ್ಷರ: ಸರ, ಮರ, ಬಳಪ. ಆಮೇಲೆ ಕಾಗುಣಿತ: ಗಾಳಿ, ಹೂವು, ಮೇಕೆ. ಕೊನೆಗೆ ಒತ್ತಕ್ಷರ. ಅಕ್ಷರಗಳನ್ನು ಈಗ ಅ, ಆ, ಇ, ಈ ಅನ್ನುವ ವರ್ಣಮಾಲೆಯ ಸಾಲಿನಲ್ಲೇ ಕಲಿಸಬೇಕೆಂದೂ ಇಲ್ಲ. ಸರಕಾರಿ ಶಾಲೆಗಳ ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಅಷ್ಟು ಬಂದರೆ ಮಗು ಆಗಲೇ ಸರ, ಅರಸ, ಅಗಸ ಅಂತ ಪದ ಓದಬಲ್ಲದು. ಒತ್ತಕ್ಷರ ಮಾತ್ರ ಎಲ್ಲ ಕಡೆಯೂ ಕೊನೆಗೇ.

ಈಗ ನಾವು ಹುಟ್ಟುಹಬ್ಬಕ್ಕೆ ಬರೆಯುವ ಪದಗಳನ್ನು ನೋಡಿ. 'ಪ್ರೀತಿಯ' ಅನ್ನುವುದರಲ್ಲಿ ಮೊದಲ ಅಕ್ಷರಕ್ಕೇ ರ ಒತ್ತು. 'ಹುಟ್ಟುಹಬ್ಬ' ಅನ್ನುವುದರಲ್ಲಿ ಎರಡು ಒತ್ತು. 'ಜನ್ಮದಿನ' ಅಂದರೂ ತಪ್ಪಲಿಲ್ಲ, ನ ಕೆಳಗೆ ಮ. 'ಶುಭಾಶಯಗಳು' ಅನ್ನುವುದರಲ್ಲಿ ಒತ್ತಿಲ್ಲ, ಆದರೆ ಮಹಾಪ್ರಾಣದ ಭಾ ಇದೆ, ಆರು ಅಕ್ಷರದ ಉದ್ದ ಬೇರೆ. 'ಆಶೀರ್ವಾದ', 'ವರ್ಷ' ಇವುಗಳಲ್ಲಿ ಅರ್ಕಾವತ್ತು. ಅದಂತೂ ಮಗುವಿಗೆ ಒಗಟೇ ಸರಿ. ಬಾಯಲ್ಲಿ ಮೊದಲು ಬರುವ ರ್ ಕಾಗದದ ಮೇಲೆ ಆಮೇಲೆ ಬಂದು ಕೂತಿರುತ್ತದೆ!

ಒತ್ತುಗಳಲ್ಲೂ ಸುಲಭದ್ದು, ಕಷ್ಟದ್ದು ಅಂತ ಇದೆ. ಅಪ್ಪ, ಅಜ್ಜಿ, ಅಕ್ಕ ಇಂಥ ಪದಗಳಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು, ಕೆಳಗಿನ ರೂಪವೂ ಮೇಲಿನದರ ಹಾಗೇ ಕಾಣುತ್ತದೆ. ಆದರೆ ತ, ನ, ಮ, ಯ, ರ, ಲ ಈ ಆರು ಅಕ್ಷರಗಳು ಒತ್ತಾದಾಗ ವೇಷವನ್ನೇ ಬದಲಿಸುತ್ತವೆ. 'ಅಮ್ಮ' ಪದದ ಕೆಳಗಿನ ಮ ಮೇಲಿನ ಮ ತರಹ ಕಾಣುವುದಿಲ್ಲ. ಆದರೂ ಮಗು ಅದನ್ನು ಓದುತ್ತದೆ. ಯಾಕೆಂದರೆ ಆ ಪದವನ್ನು ಅದು ಬಿಡಿಸಿ ಓದುವುದಿಲ್ಲ, ಮುಖ ನೋಡಿ ಗುರುತು ಹಿಡಿದಂತೆ ಇಡಿಯಾಗಿ ಗುರುತಿಸುತ್ತದೆ. ಅಮ್ಮ, ಅಪ್ಪ, ಅಜ್ಜಿ, ತನ್ನ ಹೆಸರು, ಇಷ್ಟನ್ನು ಒತ್ತು ಕಲಿಯುವ ಮೊದಲೇ ಹೀಗೆ ಗುರುತು ಹಿಡಿಯುವ ಮಕ್ಕಳು ಬಹಳ. ಇವನ್ನು ಧಾರಾಳವಾಗಿ ಬಳಸಬಹುದು. ಉಳಿದ ಒತ್ತುಗಳನ್ನು ಬಿಡುವುದೇ ಲೇಸು.

ಒಬ್ಬ ಅಜ್ಜಿಯ ಮೂರು ಕಾಗದ

ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜಿ ಬೆಂಗಳೂರಿನಲ್ಲಿರುವ ಮಗನ ಮಗಳಿಗೆ ಬರೆದ ಕಾಗದದ ಕಥೆ ಹೇಳುತ್ತೇನೆ. ಹುಡುಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂದನೇ ಕ್ಲಾಸು. ಕನ್ನಡ ಒಂದು ವಿಷಯವಾಗಿ ಮಾತ್ರ ಇದೆ. ಅಜ್ಜಿ ಮೊದಲು ಬರೆದದ್ದು ಹೀಗೆ:

"ಪ್ರೀತಿಯ ಚಿರಂಜೀವಿ ಪುಟ್ಟಿಗೆ, ಅಜ್ಜಿಯ ಆಶೀರ್ವಾದಗಳು. ನಿನ್ನ ಆರನೆಯ ವರ್ಷದ ಹುಟ್ಟುಹಬ್ಬದ ಶುಭಾಶಯಗಳು. ಚೆನ್ನಾಗಿ ಓದಿ ಅಪ್ಪ ಅಮ್ಮನಿಗೆ ಕೀರ್ತಿ ತರಬೇಕು. ನಿನಗೋಸ್ಕರ ನಿಪ್ಪಟ್ಟು, ರವೆ ಉಂಡೆ ಕಳುಹಿಸಿದ್ದೇನೆ. ದೇವರು ನಿನಗೆ ಆಯುರಾರೋಗ್ಯ ಭಾಗ್ಯವನ್ನು ಕೊಟ್ಟು ಕಾಪಾಡಲಿ."

ತುಂಬು ಮನಸ್ಸಿನ ಕಾಗದ. ಆದರೆ ಎಣಿಸಿ ನೋಡಿ: ಇರುವುದು 27 ಪದ, ಅದರಲ್ಲಿ 20 ಒತ್ತಕ್ಷರ! ಮಗುವಿಗೆ ಹೆಜ್ಜೆಗೊಂದು ಕಲ್ಲು ಇಟ್ಟ ಹಾಗಾಯಿತು.

ಅಂಚೆಗೆ ಹಾಕುವ ಮೊದಲು ಅಜ್ಜಿ ಸೊಸೆಗೆ ಫೋನು ಮಾಡಿದರು. "ಮಗುವಿಗೆ ಎಷ್ಟು ಓದಕ್ಕೆ ಬರತ್ತೆ ಕಣೇ?"

"ಕಾಗುಣಿತ ಮುಗೀತಾ ಬಂತು ಅತ್ತೆ. ಒತ್ತು ಇನ್ನೂ ಶುರು ಮಾಡಿಲ್ಲ. ಖ, ಘ, ಛ ಅವೆಲ್ಲ ಮರೀತಾಳೆ."

ಇಷ್ಟು ತಿಳಿದರೆ ಕಾಗದಕ್ಕೆ ಬೇಕಾದದ್ದೆಲ್ಲ ತಿಳಿದ ಹಾಗೆ. ಕಾಗುಣಿತ ಬಂತೇ, ಒತ್ತು ಬಂತೇ, ಯಾವ ಅಕ್ಷರ ಮರೆಯುತ್ತದೆ, ಈ ಮೂರನ್ನು ಕೇಳದೆ ಬರೆಯಲು ಕೂರಬೇಡಿ. ಅಜ್ಜಿ ಒತ್ತುಗಳನ್ನೆಲ್ಲ ತೆಗೆದು ಎರಡನೆಯ ಕಾಗದ ಬರೆದರು:

"ಪುಟಾಣಿ, ನಿನಗಿಂದು ಆರು ವರುಷ ತುಂಬಿತು. ನಿನಗಾಗಿ ತಿಂಡಿತಿನಿಸು ಕಳುಹಿಸಿರುವೆ. ಸುಖವಾಗಿರು. ಇತಿ ಅಜ್ಜಿ."

ಒತ್ತು ಇರುವುದು 'ಅಜ್ಜಿ' ಒಂದರಲ್ಲೇ. ಸರಿಯಾಯಿತು ಅಂದುಕೊಂಡು, ಪಕ್ಕದ ಮನೆಯ ಒಂದನೇ ಕ್ಲಾಸಿನ ಹುಡುಗನನ್ನು ಕರೆದು ಓದಿಸಿದರು. ಅವನು 'ನಿನಗಿಂದು' ಅನ್ನುವುದನ್ನು 'ನಿನಗಿಂತ' ಅಂದ. 'ಕಳುಹಿಸಿರುವೆ' ಅನ್ನುವಲ್ಲಿ ಕ, ಳು, ಹಿ, ಸಿ ಅಂತ ನಾಲ್ಕು ಅಕ್ಷರ ಕೂಡಿಸಿ, ನಿಂತು, ಅಜ್ಜಿಯ ಮುಖ ನೋಡಿದ. 'ಸುಖ' ಅನ್ನುವುದನ್ನು 'ಸುಬ' ಅಂದ. ಹೇಗೋ ಮುಗಿಸಿದ ಮೇಲೆ ಅಜ್ಜಿ ಕೇಳಿದರು: "ಏನಂತ ಬರೆದಿದೆಯೋ ಮರಿ?" ಹುಡುಗ ತಲೆ ಕೆರೆದುಕೊಂಡ. "ಗೊತ್ತಿಲ್ಲ ಅಜ್ಜಿ."

ಇದನ್ನು ಗಮನಿಸಿ. ಮಗು ಎಲ್ಲ ಅಕ್ಷರವನ್ನೂ ಉಚ್ಚರಿಸಿತು, ಆದರೆ ಒಂದು ಮಾತೂ ಒಳಗೆ ಇಳಿಯಲಿಲ್ಲ. ಈ ವಯಸ್ಸಿನ ಮಗು ಒಂದೊಂದೇ ಅಕ್ಷರ ಪೋಣಿಸಿಕೊಂಡು ಓದುತ್ತದೆ. ಆರನೆಯ ಅಕ್ಷರಕ್ಕೆ ಬರುವ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ಪದ ಎರಡು ಮೂರು ಅಕ್ಷರದ್ದಾದರೆ ಇಡೀ ಪದ ಕೈಗೆ ಸಿಗುತ್ತದೆ, ಹೆಚ್ಚೆಂದರೆ ನಾಲ್ಕು. ಇನ್ನು ಸಂಧಿ. 'ನಿನಗೆ ಇಂದು' ಅಂದರೆ ಎರಡೂ ಗೊತ್ತಿರುವ ಪದಗಳೇ. ಕೂಡಿಸಿ 'ನಿನಗಿಂದು' ಮಾಡಿದಾಗ ಎರಡೂ ಮುಖ ಮರೆಸಿಕೊಂಡವು. 'ತಿಂಡಿತಿನಿಸು' ಅನ್ನುವಂಥ ಜೋಡಿ ಪದಗಳದ್ದೂ ಇದೇ ಪಾಡು.

ಹುಡುಗ ಎಲ್ಲೆಲ್ಲಿ ನಿಂತನೋ ಅಲ್ಲೆಲ್ಲ ಅಜ್ಜಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು ಮೂರನೆಯ ಸಲ ಬರೆದರು:

ಪುಟಾಣಿ,
ಇಂದು ನಿನಗೆ ಆರು ವರುಷ.
ಚೀಲ ತೆರೆದು ನೋಡು.
ರವೆ ಉಂಡೆ ಇದೆ.
ಎಣಿಸಿ ನೋಡು. ಆರು ಇವೆ.
ಒಂದು ಅಮ್ಮನಿಗೆ ಕೊಡು.
ಒಂದು ಅಪ್ಪನಿಗೆ ಕೊಡು.
ಕಪಿಲೆ ಕರು ಹಾಕಿದೆ.
ಕರುವಿನ ಬಾಲ ಬಿಳಿ.
ಕರುವಿಗೆ ಏನು ಹೆಸರು ಇಡಲಿ?
ನೀನೇ ಹೇಳು.
ಅಜ್ಜಿ

ಪದಗಳು 34. ಮೊದಲ ಕಾಗದಕ್ಕಿಂತ ಹೆಚ್ಚೇ! ಆದರೆ ಒತ್ತು ಇರುವುದು ಮೂರೇ ಪದದಲ್ಲಿ: ಅಮ್ಮ, ಅಪ್ಪ, ಅಜ್ಜಿ. ಮಹಾಪ್ರಾಣ ಒಂದೂ ಇಲ್ಲ. ನಾಲ್ಕು ಅಕ್ಷರ ಮೀರಿದ ಪದ ಇಲ್ಲ. ಕಪಿಲೆ ಅನ್ನುವುದು ಅವರ ಮನೆಯ ಹಸುವಿನ ಹೆಸರು. ರಜೆಯಲ್ಲಿ ಹುಲ್ಲು ತಿನ್ನಿಸಿದ ಹುಡುಗಿಗೆ ಅದು ಹೊಸದಲ್ಲ.

ಸುಲಭದ ಪದ ಎಲ್ಲಿ ಸಿಗುತ್ತದೆ?

ನಮ್ಮ ಭಾಷೆಯಲ್ಲಿ ಒಂದೇ ಮಾತಿಗೆ ಎರಡು ಮೂರು ರೂಪ ಇರುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. 'ವರ್ಷ' ಕಷ್ಟ, 'ವರುಷ' ಸುಲಭ. ಎರಡೂ ಶುದ್ಧ ಕನ್ನಡವೇ. ಮಾತಿನ 'ಇವತ್ತು' ಅನ್ನುವುದರಲ್ಲಿ ಒತ್ತಿದೆ, ಬರಹದ 'ಇಂದು' ಅನ್ನುವುದರಲ್ಲಿ ಇಲ್ಲ. 'ನಿನ್ನ' ಅನ್ನುವ ಕಡೆ 'ನಿನಗೆ' ಬರುವಂತೆ ವಾಕ್ಯ ತಿರುಗಿಸಿದರೆ ಒತ್ತು ಹೋಯಿತು. 'ಮುದ್ದು', 'ಪುಟ್ಟಿ' ಬದಲು 'ಪುಟಾಣಿ', 'ಮರಿ', 'ಕಂದ', 'ಬಂಗಾರ' ಇವೆ. ತಿಂಡಿಯಲ್ಲೂ ಹಾಗೇ. ಚಕ್ಕುಲಿ, ನಿಪ್ಪಟ್ಟು, ಲಡ್ಡು ಓದಲು ಕಷ್ಟ. ಕೋಡುಬಳೆ, ಹೋಳಿಗೆ, ರವೆ ಉಂಡೆ ಸುಲಭ. ಚಕ್ಕುಲಿ ಕಳಿಸಬೇಡಿ ಅಂತಲ್ಲ. ಧಾರಾಳವಾಗಿ ಕಳಿಸಿ, ಚೀಟಿಯಲ್ಲಿ ಕೋಡುಬಳೆಯ ಹೆಸರು ಬರಲಿ.

ಅತಿ ಸುಲಭದ್ದೆಂದರೆ ಕ್ರಿಯಾಪದದ ಆಜ್ಞಾರೂಪ. 'ಕೊಡುತ್ತೇನೆ', 'ನೋಡುತ್ತಾಳೆ', 'ಕಳುಹಿಸಿದ್ದೇನೆ' ಎಲ್ಲದರಲ್ಲೂ ಬಾಲದಲ್ಲಿ ಒತ್ತು ಬಂದೇ ಬರುತ್ತದೆ. ಆದರೆ ಬಾ, ನೋಡು, ಓದು, ಕೊಡು, ಹೇಳು, ಹಾಡು, ಕುಣಿ? ಒಂದೋ ಎರಡೋ ಅಕ್ಷರದಲ್ಲಿ ಮಾತು ಮುಗಿಯಿತು. ಮಗು ದಿನವಿಡೀ ಕೇಳುವ ಪದಗಳೂ ಇವೇ. 'ಬರುತ್ತೇನೆ' ಅನ್ನುವ ಬದಲು 'ಬರುವೆ' ಅಂತಲೂ ಬರೆಯಬಹುದು. ಆದರೆ ಅಂಥವು ಒಂದೆರಡು ಸಾಕು. ಅಕ್ಷರ ಸುಲಭವಾದರೂ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲವಲ್ಲ.

ಒಂದು ಎಚ್ಚರಿಕೆ. ಸುಲಭ ಮಾಡುವ ಭರದಲ್ಲಿ ಪದವನ್ನೇ ಮುರಿಯಬಾರದು. 'ಅಮ್ಮ' ಅನ್ನುವುದನ್ನು 'ಅಮ' ಅಂತಲೋ, 'ಮನೆಯಲ್ಲಿ' ಅನ್ನುವುದನ್ನು 'ಮನೆಲಿ' ಅಂತಲೋ ಬರೆದರೆ ಮಗು ಅದನ್ನೇ ಸರಿ ಅಂತ ಕಲಿಯುತ್ತದೆ. ಪದ ಕಷ್ಟವಾದರೆ ಬೇರೆ ಪದ ಹುಡುಕಿ. ಬೇರೆ ಸಿಗದಿದ್ದರೆ ಆ ಮಾತನ್ನೇ ಬಿಡಿ. ನಾಲ್ಕು ಅನ್ನುವ ಸಂಖ್ಯೆಯಲ್ಲಿ ಒತ್ತಿದೆ, ಅದಕ್ಕೆ ಬದಲಿ ಪದವಿಲ್ಲ. ಅಲ್ಲಿ 4 ಅಂತ ಅಂಕಿ ಹಾಕಿ. ಪುಣ್ಯಕ್ಕೆ ಆರು ಅನ್ನುವುದರಲ್ಲಿ ಆ ತೊಂದರೆ ಇಲ್ಲ.

ಆಶೀರ್ವಾದ ಎಲ್ಲಿ ಹೋಯಿತು?

ಈ ಕಾಗದ ಕಂಡು ಆ ಮನೆಯ ತಾತ ಗೊಣಗಿದರಂತೆ. "ಇದೇನೇ ಇದು, ಹುಟ್ಟುಹಬ್ಬದ ಕಾಗದದಲ್ಲಿ ಚಿರಂಜೀವಿ ಇಲ್ಲ, ಆಶೀರ್ವಾದ ಇಲ್ಲ. ಬರೀ ಉಂಡೆ, ಕರು!"

ಹಿರಿಯರ ಸಂಕಟ ನಿಜವಾದದ್ದೇ. ಹಾಗಾದರೆ ಆಶೀರ್ವಾದವನ್ನು ಬೇರೆ ಹಾಳೆಯಲ್ಲಿ, ನಿಮಗೆ ತೃಪ್ತಿಯಾಗುವಷ್ಟು ಬರೆದು, ಮೇಲೆ "ಅಮ್ಮ ಓದಿ ಹೇಳುವುದು" ಅಂತ ಹಾಕಿ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಬೇಡಿ. ಕಷ್ಟದ ಸಾಲು ಕಣ್ಣಿಗೆ ಬಿದ್ದರೆ ಮಗು ಸುಲಭದ್ದನ್ನೂ ಕೈಬಿಡುತ್ತದೆ.

ಅದೂ ಅಲ್ಲದೆ, ಆರು ವರುಷದ ಮಗುವಿಗೆ ಕೀರ್ತಿ, ಭಾಗ್ಯ, ಆಯಸ್ಸು ಎಂದರೆ ಏನು ಗೊತ್ತು? ಉಂಡೆ ಗೊತ್ತು, ಕರು ಗೊತ್ತು, ಬಿಳಿ ಬಾಲ ಗೊತ್ತು. ಓದಿದ ಪದ ಕಣ್ಣ ಮುಂದೆ ವಸ್ತುವಾಗಿ ನಿಂತರೆ ಮುಂದಿನ ಪದ ಓದಲು ಧೈರ್ಯ ಬರುತ್ತದೆ. 'ಚೀಲ ತೆರೆದು ನೋಡು' ಅಂತ ಓದಿ ಚೀಲ ತೆರೆದಾಗ ಒಳಗೆ ನಿಜಕ್ಕೂ ಉಂಡೆ ಇದ್ದರೆ, ಓದಿದ್ದು ಸರಿ ಅಂತ ಮಗುವಿಗೆ ಬೇರೆ ಯಾರೂ ಹೇಳಬೇಕಿಲ್ಲ. ಕೊನೆಯ ಪ್ರಶ್ನೆಯ ಜಾಣತನವನ್ನೂ ನೋಡಿ. ಕರುವಿಗೆ ಹೆಸರು ಹೇಳಬೇಕಾದರೆ ಕಾಗದವನ್ನು ಕೊನೆಯ ತನಕ ಓದಿರಬೇಕು. "ಓದಿದೆಯಾ?" ಅಂತ ಪರೀಕ್ಷೆ ಮಾಡುವ ಗೋಜೇ ಇಲ್ಲ.

ಕೈಬರಹದ ಮಾತು

ಪದ ಸರಿಯಾದರೂ ಅಕ್ಷರ ಕೆಟ್ಟರೆ ಎಲ್ಲ ವ್ಯರ್ಥ. ನಾವು ಹಿಂದಿನವರು ಓಡುವ ಕೈಯಲ್ಲಿ ಬರೆದು ಅಭ್ಯಾಸವಾದವರು. ಮಗುವಿಗೆ ಗೊತ್ತಿರುವುದು ಪಾಠಪುಸ್ತಕದ ಅಚ್ಚಿನ ಅಕ್ಷರ ಮಾತ್ರ. ಗೆರೆ ಹಾಕಿದ ಹಾಳೆ ತೆಗೆದುಕೊಂಡು, ಒಂದು ಸಾಲು ಬಿಟ್ಟು ಒಂದು ಸಾಲು ಬರೆಯಿರಿ. ಅಕ್ಷರ ಸುಮಾರು ಒಂದು ಬೆರಳಿನ ಅಗಲದಷ್ಟು ಎತ್ತರ ಇರಲಿ. ಪದಕ್ಕೂ ಪದಕ್ಕೂ ನಡುವೆ ಇನ್ನೊಂದು ಬೆರಳು ಜಾಗ.

ಒಂದರಂತೆ ಒಂದು ಕಾಣುವ ಅಕ್ಷರಗಳ ಮೇಲೆ ಕಣ್ಣಿಡಿ. ಪ ಮತ್ತು ಷ ಇವಕ್ಕೆ ವ್ಯತ್ಯಾಸ ಹೊಟ್ಟೆಯೊಳಗಿನ ಒಂದೇ ಗೀಟು. ಅದು ಮಸುಕಾದರೆ 'ವರುಷ' ಹೋಗಿ 'ವರುಪ' ಆಗುತ್ತದೆ. ಮ ಮತ್ತು ಯ, ನ ಮತ್ತು ಸ ಇವೂ ಹಾಗೇ. ದೀರ್ಘದ ಗುರುತು ಅಕ್ಷರಕ್ಕೆ ಅಂಟಿಹೋದರೆ 'ನೀನೇ' ಅನ್ನುವುದು 'ನಿನೆ' ಆಗುತ್ತದೆ.

ಇನ್ನೊಂದು ಹಳೆಯ ಚಾಳಿ ಇದೆ. ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದರೆ ಪದವನ್ನು ಅರ್ಧಕ್ಕೆ ಕಡಿದು ಉಳಿದದ್ದನ್ನು ಕೆಳಗಿನ ಸಾಲಿಗೆ ಇಳಿಸುವುದು. ನಮಗೆ ಅದು ತಿಳಿಯುತ್ತದೆ, ಮಗುವಿಗೆ ಮಾತ್ರ ಎರಡು ಅರ್ಥವಿಲ್ಲದ ಪದಗಳಾಗಿ ಕಾಣುತ್ತವೆ. ಒಂದು ಸಾಲಿಗೆ ಒಂದೇ ವಾಕ್ಯ, ಮೂರು ನಾಲ್ಕು ಪದ. ಅಜ್ಜಿಯ ಕಾಗದದಲ್ಲಿ ಒಂದೇ ಒಂದು ಸಾಲಿನಲ್ಲಿ ಎರಡು ವಾಕ್ಯವಿದೆ, ಅದೂ ಎರಡೆರಡು ಪದದ್ದು.

ಮೊಬೈಲಿನಲ್ಲಿ ಟೈಪು ಮಾಡಿ ಕಳಿಸಿದರೆ ಆಗದೇ ಅಂತ ಕೇಳಬಹುದು. ಆಗುತ್ತದೆ. ಆದರೆ ಅದು ಅಮ್ಮನ ಫೋನಿನಲ್ಲೇ ಉಳಿಯುತ್ತದೆ. ಕೈಯಲ್ಲಿ ಹಿಡಿದ ಕಾಗದವನ್ನು ಮಗು ದಿಂಬಿನ ಕೆಳಗೆ ಇಟ್ಟುಕೊಂಡು ಹತ್ತು ಸಲ ಓದುತ್ತದೆ. ಹತ್ತನೆಯ ಸಲ ಓದುವಾಗ ಬೆರಳಿನ ಆಸರೆ ಬೇಕಾಗುವುದಿಲ್ಲ.

ಕಾಗುಣಿತವೇ ಬಂದಿಲ್ಲದಿದ್ದರೆ?

ಕೆಲವು ಮಕ್ಕಳಿಗೆ ಆರು ತುಂಬುವಾಗ ಬಿಡಿ ಅಕ್ಷರ ಮಾತ್ರ ಬರುತ್ತಿರುತ್ತದೆ. ಕನ್ನಡವನ್ನು ತಡವಾಗಿ ಶುರು ಮಾಡುವ ಶಾಲೆಗಳಲ್ಲಂತೂ ಇದು ಸಾಮಾನ್ಯ. ಅದಕ್ಕೆ ಮಗುವನ್ನೂ ಸೊಸೆಯನ್ನೂ ದೂರಬೇಡಿ. ಆಗ ಕಾಗದ ಬಿಟ್ಟು, ಪ್ರತಿ ಸಾಮಾನಿಗೂ ಒಂದೊಂದು ಪದದ ಚೀಟಿ ಕಟ್ಟಿ. ಮಣಿಸರಕ್ಕೆ 'ಸರ', ಬಟ್ಟೆಗೆ 'ಲಂಗ', ಬಳಪದ ಡಬ್ಬಿಗೆ 'ಬಳಪ'. ಒಂದು ಸೊನ್ನೆ ಬಿಟ್ಟರೆ ಕಾಗುಣಿತ ಇಲ್ಲ, ಒತ್ತೂ ಇಲ್ಲ. ಪೊಟ್ಟಣ ಬಿಚ್ಚುವ ಮೊದಲು ಚೀಟಿ ಓದಿ ಒಳಗೇನಿದೆ ಅಂತ ಹೇಳಬೇಕು ಅನ್ನುವ ಆಟ ಮಾಡಿದರೆ ಹುಟ್ಟುಹಬ್ಬದ ಬೆಳಿಗ್ಗೆ ಕಳೆಯುತ್ತದೆ.

ಒತ್ತು ಚೆನ್ನಾಗಿ ಬರುವ ಮಗುವಾದರೆ ಇಷ್ಟು ಬಿಗಿ ಬೇಡ. 'ಹಬ್ಬ', 'ಅಕ್ಕ', 'ಬೆಕ್ಕು' ಸೇರಿಸಿ. ಆದರೂ ಅರ್ಕಾವತ್ತು ಮತ್ತು 'ಸ್ತ್ರ' ತರಹದ ಎರಡು ಒತ್ತಿನ ಅಕ್ಷರ ದೂರವೇ ಇರಲಿ.

ಕಾಗದ ತಲುಪಿದ ಮೇಲೆ

ಅಮ್ಮಂದಿರಿಗೂ ಒಂದು ಮಾತು. ಮಗು ಒಂದು ಪದದಲ್ಲಿ ನಿಂತಾಗ ತಟ್ಟನೆ ಹೇಳಿಕೊಡಬೇಡಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಬೆರಳು ಆ ಪದದ ಮೊದಲಿಗೆ ಹಿಂದೆ ಹೋದರೆ ಮಗು ತಾನೇ ದಾರಿ ಹುಡುಕುತ್ತಿದೆ ಅಂತ ಅರ್ಥ, ಬಿಟ್ಟುಬಿಡಿ. ಮೊದಲ ಅಕ್ಷರ ನೋಡಿ ಬಾಯಿಗೆ ಬಂದದ್ದು ಹೇಳಿದರೆ, ಅಥವಾ ಕಣ್ಣು ಕಾಗದ ಬಿಟ್ಟು ನಿಮ್ಮ ಮುಖಕ್ಕೆ ಬಂದರೆ, ಪದ ಅದರ ಶಕ್ತಿ ಮೀರಿದ್ದು. ಆಗ ಆ ಒಂದು ಪದ ಮಾತ್ರ ಹೇಳಿಕೊಡಿ, ಮುಂದಿನದನ್ನು ಅದೇ ಓದಲಿ. ಎಲ್ಲಿ ನಿಂತಿತು ಅಂತ ಅತ್ತೆಗೋ ಅಮ್ಮನಿಗೋ ತಿಳಿಸಿ. ಮುಂದಿನ ಕಾಗದಕ್ಕೆ ಅದೇ ದಾರಿದೀಪ.

ಬೆಂಗಳೂರಿನ ಹುಡುಗಿ ತನ್ನ ಕಾಗದವನ್ನು ಊಟದ ಮೇಜಿನ ಕೆಳಗೆ ಕೂತು ಓದಿದಳಂತೆ. 'ಎಣಿಸಿ' ಅನ್ನುವಲ್ಲಿ ಸ್ವಲ್ಪ ತಡವಾಯಿತು, ಣ ಅಕ್ಷರ ಹೊಸದು. ಉಳಿದದ್ದು ಸಲೀಸು. ಮುಗಿಸಿ ಎದ್ದವಳೇ ಎರಡು ಉಂಡೆ ತೆಗೆದು ಒಂದು ಅಮ್ಮನ ಕೈಗೆ, ಒಂದು ಅಪ್ಪನ ಕೈಗೆ ಇಟ್ಟಳು. ಅಮ್ಮನಿಗೆ ಕಾಗದ ತೋರಿಸಲಿಲ್ಲ. "ಅದು ನಂದು" ಅಂದಳು. ಆಮೇಲೆ ತಾನೇ ಫೋನು ಕೇಳಿ ತೆಗೆದುಕೊಂಡು ಹೇಳಿದಳು: "ಅಜ್ಜೀ, ಕರುವಿಗೆ ಬಾಲು ಅಂತ ಹೆಸರಿಡು. ಬಾಲ ಬಿಳಿ ಅಲ್ವಾ?"

ಕರುವಿಗೆ ಅದೇ ಹೆಸರು ಉಳಿಯಿತು. ಮುಂದಿನ ವರುಷ ಹುಡುಗಿಗೆ ಏಳು. 'ಏಳು' ಅನ್ನುವುದೂ ಸುಲಭದ ಪದವೇ. ಅಷ್ಟು ಹೊತ್ತಿಗೆ ಒತ್ತಕ್ಷರವೂ ಬಂದಿರುತ್ತದೆ. ಆಗ 'ಹುಟ್ಟುಹಬ್ಬ' ಅಂತ ಪೂರ್ತಿ ಬರೆಯಬಹುದು ಅಂತ ಅಜ್ಜಿ ಈಗಲೇ ಹೇಳುತ್ತಿದ್ದಾರೆ.